ದುಬಾರಿ ತಪ್ಪನ್ನು ಒಪ್ಪಿಕೊಂಡು ತಂಡಕ್ಕೆ ಮೇಲ್ ಬರೆಯುವುದು ಹೇಗೆ: ಒಂದು ಮೆಣಸಿನಕಾಯಿ ಲೋಡಿನ ಕಥೆ ಇಟ್ಟುಕೊಂಡು

ಬ್ಯಾಡಗಿಯಿಂದ ಇಂದೋರಿಗೆ ಹೊರಟಿದ್ದ ಒಣಮೆಣಸಿನಕಾಯಿ ಲೋಡನ್ನು ಬೀಡ್ ಹತ್ತಿರ ಜಿಎಸ್‌ಟಿ ಅಧಿಕಾರಿಗಳು ತಡೆದು ನಿಲ್ಲಿಸಿದರು. ಲಾರಿಯ ನಂಬರ್ ಒಂದು, ಸರಕಿನ ಸಾಗಣೆ ದಾಖಲೆಯಾದ ಇ-ವೇ ಬಿಲ್‌ನಲ್ಲಿದ್ದ ನಂಬರ್ ಇನ್ನೊಂದು. ಅದನ್ನು ಸರಿ ಮಾಡಬೇಕಾದವನು ನಾನು. ಹುಬ್ಬಳ್ಳಿ ಆಫೀಸಿನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವುದು ನನ್ನ ಕೆಲಸ. ಒಟ್ಟು ಎರಡು ಲಕ್ಷ ಚಿಲ್ಲರೆ ಹೋಯಿತು.

ಆ ದಿನ ತಂಡಕ್ಕೆ ಬರೆದ ಮೇಲ್ ಅನ್ನು ಮೂರು ಸಲ ಅಳಿಸಿ ಬರೆದೆ. ಪ್ರತಿ ಸಲ ಏನು ಬದಲಾಯಿತು, ಯಾಕೆ ಬದಲಿಸಿದೆ ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮ ಕೆಲಸ ಬೇರೆ ಇರಬಹುದು, ಆದರೆ ಮೇಲ್‌ನ ಲೆಕ್ಕಾಚಾರ ಇದೇ.

ಮೊದಲು ಘಟನೆ ಕೇಳಿ, ಇಲ್ಲದಿದ್ದರೆ ಮುಂದಿನದು ಅರ್ಥವಾಗಲ್ಲ.

ಲಾರಿ ಸೊಲ್ಲಾಪುರದ ಹತ್ತಿರ ಕೆಟ್ಟು ನಿಂತಿತು. ಮಂಗಳವಾರ ರಾತ್ರಿ 9:40ಕ್ಕೆ ಡ್ರೈವರ್ ಕಾಕಾ ಫೋನ್ ಮಾಡಿದರು. ಬೇರೆ ಲಾರಿ ಸಿಕ್ಕಿದೆ, ಚೀಲ ಅದಕ್ಕೆ ಹಾಕಿಸುತ್ತಿದ್ದೇವೆ, ನಂಬರ್ ಬರೆದುಕೊಳ್ಳಿ ಅಂದರು. ನಾನು ಗೋದಾಮಿನ ಬಾಗಿಲಲ್ಲಿದ್ದೆ, ಕೈಯಲ್ಲಿದ್ದ ಹಾಳೆಯ ಹಿಂದೆ ಬರೆದುಕೊಂಡೆ. "ಲೋಡ್ ಆದ ಮ್ಯಾಲೆ ಹೊರಡ್ಲ್ಯಾ?" ಅಂತ ಕೇಳಿದರು. "ಹೂಂ ಕಾಕಾ, ಹೊರಡ್ರಿ" ಅಂದೆ. ಮನೆಗೆ ಹೋಗಿ ಲ್ಯಾಪ್‌ಟಾಪ್‌ನಲ್ಲಿ ನಂಬರ್ ಬದಲಿಸೋಣ ಅಂದುಕೊಂಡಿದ್ದೆ. ಮನೆಗೆ ಹೋದೆ, ಊಟ ಮಾಡಿದೆ, ಮಲಗಿದೆ. ಬೆಳಗ್ಗೆ 5:50ಕ್ಕೆ ಫೋನ್ ಬಂತು.

ಗೊತ್ತಿಲ್ಲದವರಿಗೆ ಒಂದು ಮಾತು. ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಅದರ ಪಾರ್ಟ್ ಬಿ ಅನ್ನುವ ಭಾಗದಲ್ಲಿ ವಾಹನದ ನಂಬರ್ ಇರುತ್ತದೆ. ದಾರಿಯಲ್ಲಿ ಸರಕು ಬೇರೆ ವಾಹನಕ್ಕೆ ಹೋದರೆ, ಆ ವಾಹನ ಮುಂದೆ ಚಲಿಸುವ ಮೊದಲೇ ಪಾರ್ಟ್ ಬಿಯಲ್ಲಿ ಹೊಸ ನಂಬರ್ ಹಾಕಬೇಕು. ಹೊರಟ ಮೇಲೆ ಹಾಕಿದರೆ ಆಯಿತು ಅನ್ನುವ ಹಾಗಿಲ್ಲ. ಎರಡು ನಿಮಿಷದ ಕೆಲಸ ಅದು.

ಹಂತ 1: ಮೊದಲು ಫೋನ್, ಆಮೇಲೆ ನಾಲ್ಕು ಸಾಲು, ದೊಡ್ಡ ಮೇಲ್ ಮಧ್ಯಾಹ್ನಕ್ಕೆ

ವಿಷಯ ಗೊತ್ತಾದ ಕೂಡಲೇ ಉದ್ದ ಮೇಲ್ ಬರೆಯಲು ಕೂರಬೇಡಿ. ಆ ಹೊತ್ತಿಗೆ ನಿಮಗೆ ಅರ್ಧ ಮಾತ್ರ ಗೊತ್ತಿರುತ್ತದೆ, ಕೈ ನಡುಗುತ್ತಿರುತ್ತದೆ, ಬರೆದದ್ದರಲ್ಲಿ ಊಹೆಯೇ ಜಾಸ್ತಿ ಇರುತ್ತದೆ. ಹಾಗಂತ ಸುಮ್ನೆ ಇರುವುದೂ ತಪ್ಪು. ಯಾಕಂದರೆ ಲೆಕ್ಕ ನೋಡುವ ಅಕ್ಕ ಅದೇ ಬೆಳಗ್ಗೆ ಇಂದೋರಿನ ಗಿರಾಕಿಗೆ "ಲೋಡ್ ನಾಳೆ ಮುಟ್ಟುತ್ತದೆ" ಅಂತ ಹೇಳಿಬಿಡಬಹುದು. ನಿಮ್ಮ ಒಂದು ತಪ್ಪು ಇನ್ನೊಬ್ಬರ ಬಾಯಲ್ಲಿ ಸುಳ್ಳಾಗುವುದು ಹೀಗೆ.

ಮಾಲೀಕರಿಗೆ ಫೋನ್ ಮಾಡಿಯೇ ಹೇಳಬೇಕು. ಇಷ್ಟು ದೊಡ್ಡ ಸುದ್ದಿಯನ್ನು ಅವರು ಮೇಲ್‌ನಲ್ಲಿ ಓದಿ ತಿಳಿದುಕೊಳ್ಳುವ ಹಾಗೆ ಆಗಬಾರದು. ನಾನು 6:15ಕ್ಕೆ ಫೋನ್ ಮಾಡಿದೆ. 6:40ಕ್ಕೆ ತಂಡಕ್ಕೆ ಇಷ್ಟು ಬರೆದೆ:

"ಇಂದೋರ್ ಲೋಡನ್ನು ಬೆಳಗ್ಗೆ 5:50ಕ್ಕೆ ಬೀಡ್ ಹತ್ತಿರ ತಡೆದಿದ್ದಾರೆ. ವಾಹನ ಬದಲಾದ ಮೇಲೆ ನಾನು ಪಾರ್ಟ್ ಬಿ ಬದಲಿಸಿರಲಿಲ್ಲ. ಗಿರಾಕಿಗೆ ಸದ್ಯ ಯಾರೂ ಮುಟ್ಟುವ ದಿನ ಹೇಳಬೇಡಿ, ನಾನೇ ಮಾತಾಡುತ್ತೇನೆ. ಪೂರ್ತಿ ವಿವರ ಮಧ್ಯಾಹ್ನ 12ಕ್ಕೆ ಕಳಿಸುತ್ತೇನೆ."

ಏನಾಯಿತು, ಯಾರು ಮಾಡಿದ್ದು, ಬೇರೆಯವರು ಈಗ ಏನು ಮಾಡಬಾರದು, ಮುಂದಿನ ಸುದ್ದಿ ಎಷ್ಟು ಹೊತ್ತಿಗೆ. ಕ್ಷಮೆ ಕೇಳುವುದಕ್ಕೂ ಇಲ್ಲಿ ಜಾಗ ಕೊಡಲಿಲ್ಲ, ಅದು ದೊಡ್ಡ ಮೇಲ್‌ನಲ್ಲಿ ಬರಲಿ. ಒಂದು ಎಚ್ಚರ ಮಾತ್ರ ಬೇಕು. 12 ಗಂಟೆ ಅಂದರೆ 12ಕ್ಕೆ ಕಳಿಸಬೇಕು. ವಿವರ ಪೂರ್ತಿ ಸಿಗದಿದ್ದರೆ ಸಿಕ್ಕಷ್ಟನ್ನು ಕಳಿಸಿ, ಉಳಿದದ್ದು ಯಾವಾಗ ಅಂತ ಬರೆಯಿರಿ. ತಪ್ಪು ಮಾಡಿದ ದಿನವೇ ಹೇಳಿದ ಸಮಯ ತಪ್ಪಿಸಿದರೆ, ಆಮೇಲೆ ಬರೆಯುವ ಪರಿಹಾರವನ್ನು ಯಾರೂ ನಂಬುವುದಿಲ್ಲ.

ಹಂತ 2: "ನಾನು" ಅನ್ನುವ ಪದ ಬಿಡಬೇಡಿ

ನಾನು ಎಡವಿದ್ದು ಇಲ್ಲಿ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲ ಸಲ ನಾನು ಬರೆದ ಸಾಲು ಇದು: "ರಾತ್ರಿ ವಾಹನ ಬದಲಾದಾಗ ಪಾರ್ಟ್ ಬಿ ಅಪ್‌ಡೇಟ್ ಮಾಡುವುದು ಉಳಿದುಹೋಯಿತು." ಓದಲು ಚೆನ್ನಾಗಿಯೇ ಇದೆ, ಸುಳ್ಳೂ ಇಲ್ಲ. ಆದರೆ ಅದರಲ್ಲಿ ಯಾರೂ ಇಲ್ಲ! ಉಳಿದುಹೋಯಿತು, ತಪ್ಪಿಹೋಯಿತು, ಮರೆತುಹೋಯಿತು. ಗಾಳಿಗೆ ಎಲೆ ಉದುರಿದ ಹಾಗೆ ಎಲ್ಲವೂ ತಾನಾಗಿಯೇ ಆದಂತೆ ಕೇಳುತ್ತದೆ. ನಮ್ಮ ಭಾಷೆಯಲ್ಲಿ ಈ "ಹೋಯಿತು" ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ, ದಿನವೂ ಬಳಸುತ್ತೇವೆ, ಮನೆಯಲ್ಲಿ ಹಾಲು ಉಕ್ಕಿದಾಗ ಅದೇ ಮಾತು ಸರಿ. ತಂಡದ ಎರಡು ಲಕ್ಷ ಹೋದಾಗ ಸಾಲದು.

ಎರಡನೇ ಸಲ "ನಮ್ಮ ಕಡೆಯಿಂದ ತಪ್ಪಾಗಿದೆ" ಅಂತ ಬದಲಿಸಿದೆ. ಇದು ಇನ್ನೂ ಕೆಟ್ಟದ್ದು. ನಮ್ಮ ಅಂದರೆ ಯಾರು? ಗೋದಾಮಿನವರಾ, ಟ್ರಾನ್ಸ್‌ಪೋರ್ಟ್‌ನವರಾ, ಡ್ರೈವರಾ? ಓದುವವರು ತಮಗೆ ತೋಚಿದವರ ಹೆಸರು ಅಲ್ಲಿ ತುಂಬಿಕೊಳ್ಳುತ್ತಾರೆ. ಸಾಮಾನ್ಯವಾಗಿ ಆ ಹೆಸರು ಆಫೀಸಿನಲ್ಲಿ ಎದುರು ಕೂತು ಉತ್ತರ ಕೊಡಲಾಗದ ಡ್ರೈವರದ್ದೇ ಆಗಿರುತ್ತದೆ.

"ನನ್ನಿಂದ ತಪ್ಪಾಯಿತು" ಅಂದರೆ ಅರ್ಧ ದಾರಿ ಬಂದ ಹಾಗೆ. ಆದರೂ ಅಲ್ಲಿ ಆದದ್ದು ತಪ್ಪು, ನಾನು ಬರೀ ದಾರಿ. ಏನು ಮಾಡಿದೆ ಅನ್ನುವುದು ಇನ್ನೂ ಬಂದಿಲ್ಲ.

ಇನ್ನೊಂದು ಸಂಗತಿ ಬರೆಯುವಾಗಲೇ ಗೊತ್ತಾಯಿತು. ಕನ್ನಡದಲ್ಲಿ "ಮಾಡಿದೆ", "ಹೇಳಿದೆ" ಅಂದರೆ "ನಾನು" ಬಿಟ್ಟರೂ ಯಾರು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ, ಕ್ರಿಯಾಪದದ ಕೊನೆಯೇ ಹೇಳುತ್ತದೆ. ಆದರೆ "ಮಾಡಲಿಲ್ಲ" ಅನ್ನುವುದಕ್ಕೆ ಆ ಗುಣ ಇಲ್ಲ. ನಾನು ಮಾಡಲಿಲ್ಲ, ಅವರು ಮಾಡಲಿಲ್ಲ, ನೀವು ಮಾಡಲಿಲ್ಲ, ಎಲ್ಲಕ್ಕೂ ಒಂದೇ ರೂಪ. ಮಾಡಬೇಕಾದದ್ದನ್ನು ಮಾಡದೇ ಇದ್ದ ತಪ್ಪನ್ನು ಹೇಳುವುದೇ ಈ "ಲಿಲ್ಲ"ದಲ್ಲಿ. ಹಾಗಾಗಿ ಅಲ್ಲಿ "ನಾನು" ಬಿಟ್ಟರೆ ಮಾಡಿದವನೇ ಮಾಯ. "ಪಾರ್ಟ್ ಬಿ ಬದಲಿಸಲಿಲ್ಲ" ಅಂತ ಬರೆದು ಒಪ್ಪಿಕೊಂಡೆ ಅಂದುಕೊಳ್ಳಬೇಡಿ. "ನಾನು ಪಾರ್ಟ್ ಬಿ ಬದಲಿಸಲಿಲ್ಲ" ಅಂತ ಬರೆಯಿರಿ.

ಕಳಿಸುವ ಮೊದಲು ಮೇಲ್‌ನಲ್ಲಿರುವ ಪ್ರತಿ ಕ್ರಿಯಾಪದದ ಮುಂದೆ "ಯಾರು?" ಅಂತ ಕೇಳಿ. ಉತ್ತರ ಸಾಲಿನಲ್ಲೇ ಸಿಗಬೇಕು.

ಹಂತ 3: ನಿಜವಾದ ತಪ್ಪು ಯಾವುದು ಅಂತ ಹುಡುಕಿ

"ಮರೆತೆ" ಅನ್ನುವುದು ನಿಜ, ಆದರೆ ಅದು ಕಾರಣವಲ್ಲ. ಮರೆಯುವುದು ಯಾವತ್ತೂ ಇದ್ದದ್ದೇ. ಮರೆತರೂ ಲಾರಿ ಹೇಗೆ ಮುಂದೆ ಹೋಯಿತು ಅನ್ನುವುದನ್ನು ಕೇಳಬೇಕು.

ಇದಕ್ಕೆ ನಾನು ಮಾಡಿದ್ದು ಸರಳ. ಫೋನಿನ ಕಾಲ್ ಪಟ್ಟಿ, ವಾಟ್ಸಪ್, ಇ-ವೇ ಬಿಲ್ ಪೋರ್ಟಲ್, ಈ ಮೂರನ್ನೂ ನೋಡಿ ಗಂಟೆ ನಿಮಿಷದ ಸಮೇತ ಒಂದು ಹಾಳೆಯಲ್ಲಿ ಬರೆದೆ. ನೆನಪಿನಿಂದ ಬರೆಯಲಿಲ್ಲ. ನೆನಪಿನಲ್ಲಿ ಡ್ರೈವರ್ ಫೋನ್ ಬಂದದ್ದು "ಸುಮಾರು ಹನ್ನೊಂದು" ಅಂತಿತ್ತು, ಫೋನ್ ತೆಗೆದು ನೋಡಿದರೆ 9:40. ಹನ್ನೊಂದಕ್ಕೆ ಬಂದಿದ್ದರೆ ನಿದ್ದೆಗಣ್ಣು ಅನ್ನಬಹುದಿತ್ತು. 9:40 ಅಂದರೆ ಗೋದಾಮಿನಲ್ಲೇ ಕಂಪ್ಯೂಟರ್ ಇತ್ತು, ಹತ್ತು ಹೆಜ್ಜೆ ದೂರದಲ್ಲಿ.

ಹಾಳೆ ಬರೆದ ಮೇಲೆ ಅಕ್ಕನಿಗೆ ತೋರಿಸಿದೆ. ಅವರು ಓದಿ ಒಂದೇ ಪ್ರಶ್ನೆ ಕೇಳಿದರು: "ನಂಬರ್ ಹಾಕೋಕಿಂತ ಮೊದ್ಲ ಹೊರಡ್ರಿ ಅಂತ ಹೇಳಿದ್ದು ಯಾರು?" ನಾನೇ. ಮರೆತದ್ದು ಆಮೇಲಿನ ಮಾತು. ನಂಬರ್ ಹಾಕುವ ಮೊದಲೇ "ಹೊರಡ್ರಿ" ಅಂದದ್ದೇ ಅಸಲಿ ತಪ್ಪು. ಆ ಒಂದು ಪದ ಹೇಳದೇ ಇದ್ದಿದ್ದರೆ ನಾನು ಮರೆತು ಮಲಗಿದ್ದರೂ ಲಾರಿ ಸೊಲ್ಲಾಪುರದಲ್ಲೇ ನಿಂತಿರುತ್ತಿತ್ತು, ಕಾಕಾ ಮತ್ತೆ ಫೋನ್ ಮಾಡಿರುತ್ತಿದ್ದರು.

ಇದು ಯಾಕೆ ಮುಖ್ಯ ಅಂದರೆ, ಕಾರಣ ಬದಲಾದರೆ ಪರಿಹಾರವೂ ಬದಲಾಗುತ್ತದೆ. "ಮರೆತೆ" ಅಂತ ನಿಲ್ಲಿಸಿದ್ದರೆ ನಾನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ ಅಂತ ಬರೆಯುತ್ತಿದ್ದೆ. "ಮೊದಲೇ ಹೊರಡಿಸಿದೆ" ಅಂದಾಗ ಹೊರಡುವ ಅನುಮತಿ ಕೊಡುವ ರೀತಿಯೇ ಬದಲಾಗಬೇಕಾಯಿತು. ಬರೆದದ್ದನ್ನು ಒಬ್ಬರಿಗಾದರೂ ತೋರಿಸಿ, ಅವರು ನಿಮ್ಮ ಗೆಳೆಯರಿಗಿಂತ ನಿಮ್ಮ ಕೆಲಸ ಗೊತ್ತಿರುವವರಾಗಿರಲಿ.

ಹಂತ 4: ದುಡ್ಡಿನ ಲೆಕ್ಕ ಮರೆಮಾಚಬೇಡಿ, ಉಬ್ಬಿಸಲೂ ಬೇಡಿ

ನಮ್ಮ ಲೋಡು 200 ಚೀಲ, ಚೀಲಕ್ಕೆ 40 ಕೆಜಿ, ಒಟ್ಟು 8 ಟನ್. ಬಿಲ್ಲಿನ ಪ್ರಕಾರ ಕೆಜಿಗೆ 250 ರೂಪಾಯಿ, ಅಂದರೆ 20 ಲಕ್ಷ. ಶೇಕಡಾ 5 ತೆರಿಗೆ ಒಂದು ಲಕ್ಷ. ಸರಕಿನ ಮಾಲೀಕರೇ ಮುಂದೆ ಬಂದು ಬಿಡಿಸಿಕೊಂಡರೆ ದಂಡ ತೆರಿಗೆಯ ಎರಡು ಪಟ್ಟು. ಅಂದರೆ 2 ಲಕ್ಷ.

ಇದನ್ನು ಮೇಲ್ ಬರೆಯುವ ಮೊದಲು ಮೂರು ಗುಂಪು ಮಾಡಿದೆ. ಖಚಿತವಾದದ್ದು, ಇನ್ನೂ ಗೊತ್ತಿಲ್ಲದ್ದು, ನನ್ನ ತಪ್ಪಿಗೆ ಸೇರದ್ದು. ತಡೆದು ನಿಲ್ಲಿಸಿದ ಲಾರಿಗೆ ದಿನಕ್ಕೆ 4,000 ರೂಪಾಯಿ ಅಂತ ಮಾತಾಗಿತ್ತು, ಅದು ಖಚಿತ. ಎಷ್ಟು ದಿನ ಅನ್ನುವುದು ಗೊತ್ತಿರಲಿಲ್ಲ. ದಂಡ ಲೆಕ್ಕದ ಪ್ರಕಾರ 2 ಲಕ್ಷ, ಆದರೆ ನೋಟಿಸ್ ಕೈಗೆ ಬಂದಿರಲಿಲ್ಲ, ಅದಕ್ಕೆ "ಅಂದಾಜು" ಅಂತ ಬರೆದೆ. ಸೊಲ್ಲಾಪುರದಲ್ಲಿ ಚೀಲ ಬದಲಿಸಿದ ಹಮಾಲಿ ಲಾರಿ ಕೆಟ್ಟಿದ್ದರಿಂದ ಬಂದದ್ದು. ಅದನ್ನು ಇದರಲ್ಲಿ ಸೇರಿಸಲಿಲ್ಲ. ಎಲ್ಲವನ್ನೂ ಮೈಮೇಲೆ ಹಾಕಿಕೊಂಡರೆ ದೊಡ್ಡತನ ಅನಿಸಬಹುದು, ಆದರೆ ಲೆಕ್ಕ ಕೆಡುತ್ತದೆ. ಮುಂದೆ ಟ್ರಾನ್ಸ್‌ಪೋರ್ಟ್‌ನವರ ಜತೆ ಹಮಾಲಿ ಮಾತಾಡಬೇಕಾದ ಅಕ್ಕನಿಗೆ ತೊಂದರೆಯಾಗುತ್ತದೆ.

ಸಣ್ಣದು ಮಾಡುವ ಆಸೆಯೂ ಬಂತು, ಅದನ್ನೂ ಹೇಳಬೇಕು. ವಾಹನ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಿದ್ದರೆ ಅದನ್ನು ಸಣ್ಣ ತಪ್ಪು ಅಂತ ನೋಡಬೇಕು, ಒಟ್ಟು 1,000 ರೂಪಾಯಿ ದಂಡ ಸಾಕು ಅಂತ 2018ರ ಸೆಪ್ಟೆಂಬರಿನ ಸುತ್ತೋಲೆ ಇದೆ. ಗೋದಾಮಿನ ಒಬ್ಬರು ಅದನ್ನೇ ನೆನಪಿಸಿ "ಇದು ಸಾವಿರದಾಗ ಮುಗೀತೈತಿ" ಅಂದರು. ಆದರೆ ನಮ್ಮದು ಅಂಕಿ ತಪ್ಪಿದ್ದಲ್ಲ, ಲಾರಿಯೇ ಬೇರೆ. ಆ ಸುತ್ತೋಲೆ ನಮಗೆ ಹೊಂದುವುದಿಲ್ಲ ಅಂತ ಮೇಲ್‌ನಲ್ಲಿ ನಾನೇ ಬರೆದೆ. ಸುಳ್ಳು ಸಮಾಧಾನ ಒಂದು ದಿನ ಇರುತ್ತದೆ. ಎರಡನೇ ದಿನ 2 ಲಕ್ಷದ ನೋಟಿಸ್ ಬಂದಾಗ ಮೇಲ್ ಬರೆದವನ ಮೇಲಿನ ನಂಬಿಕೆಯೂ ಹೋಗುತ್ತದೆ.

ಹಂತ 5: ಪರಿಹಾರದಲ್ಲಿ ಮಾಡಿದ್ದು, ಮಾಡುತ್ತಿರುವುದು ಬೇರೆ ಬೇರೆ

"ಎಲ್ಲಾ ಕ್ರಮ ತೆಗೆದುಕೊಳ್ಳಲಾಗುತ್ತಿದೆ" ಅನ್ನುವ ಸಾಲು ಕಂಡರೆ ಅಳಿಸಿ. ಆಗಿದ್ದಕ್ಕೆ ಗಂಟೆ ಬರೆಯಿರಿ, ಆಗಬೇಕಾದ್ದಕ್ಕೆ ಯಾರು, ಯಾವಾಗ ಅಂತ ಬರೆಯಿರಿ. ಕೊನೆಯ ದಿನ ಇದ್ದರೆ ಅದನ್ನೂ. ನಮ್ಮ ವಿಷಯದಲ್ಲಿ ತಡೆದ 7 ದಿನದೊಳಗೆ ಅಧಿಕಾರಿ ನೋಟಿಸ್ ಕೊಡಬೇಕು, ನೋಟಿಸ್ ಕೊಟ್ಟ 7 ದಿನದೊಳಗೆ ಆದೇಶ ಮಾಡಬೇಕು. ಆದೇಶದ ಪ್ರತಿ ಸಿಕ್ಕ 15 ದಿನದೊಳಗೆ ದಂಡ ಕಟ್ಟದಿದ್ದರೆ ಸರಕನ್ನು ಮಾರುವ ಅಧಿಕಾರ ಅವರಿಗಿದೆ. ಆ 15 ದಿನ ಮೇಲ್‌ನಲ್ಲಿ ಇದ್ದರೆ ದುಡ್ಡು ಹೊಂದಿಸಬೇಕಾದ ಅಕ್ಕ ಅದರ ಪ್ರಕಾರ ಯೋಚಿಸುತ್ತಾರೆ.

ಇಲ್ಲೇ ಒಂದು ಎಚ್ಚರ. ಈ ಮೇಲ್ ತಂಡಕ್ಕೆ ಮಾತ್ರ. ಗಿರಾಕಿಗಾಗಲಿ ಅಧಿಕಾರಿಗಾಗಲಿ ಇದನ್ನೇ ಫಾರ್ವರ್ಡ್ ಮಾಡಬೇಡಿ. ಅವರಿಗೆ ಕೊಡುವ ಉತ್ತರವನ್ನು ಸಿಎ ನೋಡಿದ ಮೇಲೆಯೇ ಕಳಿಸಬೇಕು. ತಂಡದ ಮೇಲ್‌ನಲ್ಲಿಯೂ ನಡೆದದ್ದನ್ನು ಬರೆಯಿರಿ, ಕಾನೂನಿನ ತೀರ್ಪು ಬರೆಯಬೇಡಿ.

ಹಂತ 6: ಮುಂದೆ ಆಗದ ಹಾಗೆ ಏನು ಕಟ್ಟುತ್ತೀರಿ

"ಇನ್ಮುಂದೆ ಎಚ್ಚರಿಕೆಯಿಂದ ಇರುತ್ತೇನೆ" ಅನ್ನುವುದು ಮಾತು ಮಾತ್ರ. ನಿಮ್ಮ ವ್ಯವಸ್ಥೆಗೆ ಒಂದು ಪರೀಕ್ಷೆ ಇದೆ: ನಾನು ಮತ್ತೆ ಮರೆತರೂ ಇದು ತಡೆಯುತ್ತದೆಯಾ? ತಡೆಯುವುದಿಲ್ಲ ಅಂದರೆ ಇನ್ನೊಂದು ಹುಡುಕಿ.

ನಾವು ಎರಡು ಬದಲಾವಣೆ ಮಾಡಿದೆವು. ವಾಹನ ಬದಲಾದರೆ ಹೊಸ ನಂಬರ್ ಇರುವ ಇ-ವೇ ಬಿಲ್‌ನ ಚಿತ್ರ ವಾಟ್ಸಪ್‌ನಲ್ಲಿ ಬರುವವರೆಗೂ ಡ್ರೈವರ್ ಗಾಡಿ ಎತ್ತುವುದಿಲ್ಲ. ನಾನು ಫೋನಿನಲ್ಲಿ "ಹೊರಡ್ರಿ" ಅಂದರೂ ಎತ್ತುವಂತಿಲ್ಲ. ಇದನ್ನು ಡ್ರೈವರಿಗೆ ಕೊಡುವ ಚೀಟಿಯಲ್ಲೇ ಅಚ್ಚು ಹಾಕಿಸಿದೆವು. ಎರಡನೆಯದು, ಇ-ವೇ ಬಿಲ್ ಮಾಡುವಾಗಲೇ ಟ್ರಾನ್ಸ್‌ಪೋರ್ಟ್‌ನವರ ಐಡಿ ಹಾಕುತ್ತೇವೆ. ಹಾಗೆ ಹಾಕಿದರೆ ಅವರ ಆಫೀಸಿನಿಂದ ಪಾರ್ಟ್ ಬಿ ಬದಲಿಸಬಹುದು, ರಾತ್ರಿ ಒಬ್ಬನ ಮೇಲೆಯೇ ಎಲ್ಲ ನಿಲ್ಲುವುದಿಲ್ಲ.

ವ್ಯವಸ್ಥೆಗೆ ತಗಲುವ ಖರ್ಚನ್ನೂ ಬರೆಯಿರಿ, ಜನ ಇದನ್ನು ಬಿಟ್ಟುಬಿಡುತ್ತಾರೆ. ರಾತ್ರಿ ಯಾರೂ ಫೋನ್ ಎತ್ತದಿದ್ದರೆ ಲಾರಿ ನಿಲ್ಲುತ್ತದೆ, ಒಂದು ದಿನದ 4,000 ಹೋಗುತ್ತದೆ. ಅದನ್ನು ಮೊದಲೇ ಹೇಳಿ ಒಪ್ಪಿಸಿಕೊಂಡರೆ, ಮುಂದೆ ಲಾರಿ ನಿಂತ ದಿನ ಯಾರೂ "ಇರ್ಲಿ ಬಿಡ್ರಿ, ಇದೊಂದ್ಸಲ ಹೊರಡ್ಸ್ರಿ" ಅನ್ನುವುದಿಲ್ಲ.

ಕೊನೆಗೆ ಕಳಿಸಿದ ಮೇಲ್

ವಿಷಯದ ಸಾಲಿನಲ್ಲಿ "ಒಂದು ಮುಖ್ಯ ವಿಷಯ" ಅಂತ ಬರೆಯಬೇಡಿ, ಓದುವವರ ಎದೆ ಸುಮ್ನೆ ಡವಗುಟ್ಟುತ್ತದೆ, ಹುಡುಕುವಾಗ ಸಿಗುವುದೂ ಇಲ್ಲ. ನಾನು ಕಳಿಸಿದ್ದು ಹೀಗಿತ್ತು:

ವಿಷಯ: ಇಂದೋರ್ ಲೋಡ್ ಬೀಡ್‌ನಲ್ಲಿ ತಡೆ: ನನ್ನ ತಪ್ಪು, ಅಂದಾಜು ನಷ್ಟ 2 ಲಕ್ಷ, ಮುಂದಿನ ಕ್ರಮ

"ಎಲ್ಲರಿಗೂ ನಮಸ್ಕಾರ.

ಇಂದು ಬೆಳಗ್ಗೆ 5:50ಕ್ಕೆ ನಮ್ಮ ಇಂದೋರ್ ಲೋಡನ್ನು ಬೀಡ್ ಹತ್ತಿರ ತಡೆದಿದ್ದಾರೆ. ಇ-ವೇ ಬಿಲ್‌ನಲ್ಲಿ ಹಳೆಯ ಲಾರಿಯ ನಂಬರ್ ಇತ್ತು. ಇದಕ್ಕೆ ನಾನು ಕಾರಣ.

ನಿನ್ನೆ ರಾತ್ರಿ 9:40ಕ್ಕೆ ಡ್ರೈವರ್ ನನಗೆ ಫೋನ್ ಮಾಡಿ ಹೊಸ ಲಾರಿಯ ನಂಬರ್ ಕೊಟ್ಟರು, ಹೊರಡಬಹುದಾ ಅಂತ ಕೇಳಿದರು. ಪಾರ್ಟ್ ಬಿ ಬದಲಿಸುವ ಮೊದಲೇ ನಾನು ಹೊರಡಲು ಹೇಳಿದೆ. ಆಮೇಲೆ ನಾನು ಬದಲಿಸಲಿಲ್ಲ. ಡ್ರೈವರ್ ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆ.

ದಂಡ ಅಂದಾಜು 2,00,000 ರೂಪಾಯಿ, ನೋಟಿಸ್ ಇನ್ನೂ ಬಂದಿಲ್ಲ. ಲಾರಿ ನಿಂತದ್ದಕ್ಕೆ ದಿನಕ್ಕೆ 4,000, ಎಷ್ಟು ದಿನ ಅಂತ ಗೊತ್ತಿಲ್ಲ. 1,000 ರೂಪಾಯಿ ದಂಡದ ಸುತ್ತೋಲೆ ನಮಗೆ ಅನ್ವಯಿಸುವುದಿಲ್ಲ, ವಾಹನವೇ ಬೇರೆಯಾಗಿದೆ.

9:30ಕ್ಕೆ ಸಿಎ ಜತೆ ಮಾತಾಡಿದೆ, ಬಿಲ್ ಮತ್ತು ಹಳೆಯ ಇ-ವೇ ಬಿಲ್ ಕಳಿಸಿದ್ದೇನೆ. 10:15ಕ್ಕೆ ಇಂದೋರಿನ ಗಿರಾಕಿಗೆ ತಡವಾಗುತ್ತದೆ ಅಂತ ತಿಳಿಸಿದೆ, ಕಾಯಲು ಒಪ್ಪಿದ್ದಾರೆ. ಇಂದು ರಾತ್ರಿ ನಾನು ಬೀಡ್‌ಗೆ ಹೊರಡುತ್ತೇನೆ. ಆದೇಶ ಬಂದ 15 ದಿನದೊಳಗೆ ದಂಡ ಕಟ್ಟಬೇಕು. ಅಕ್ಕ, ಈ ಹಣದ ಬಗ್ಗೆ ಸಂಜೆ ನಿಮ್ಮ ಹತ್ತಿರ ಮಾತಾಡುತ್ತೇನೆ.

ಇವತ್ತಿನಿಂದ, ಹೊಸ ನಂಬರಿನ ಇ-ವೇ ಬಿಲ್‌ನ ಚಿತ್ರ ಕೈಗೆ ಬರದೆ ಯಾವ ಲಾರಿಯೂ ಹೊರಡಬಾರದು ಅಂತ ನನ್ನ ಪ್ರಸ್ತಾಪ. ಟ್ರಾನ್ಸ್‌ಪೋರ್ಟ್‌ನವರ ಐಡಿಯನ್ನೂ ಮೊದಲೇ ಹಾಕೋಣ. ಇದರಿಂದ ಕೆಲವು ಸಲ ಲಾರಿ ಒಂದು ರಾತ್ರಿ ನಿಲ್ಲಬಹುದು. ಇದರಲ್ಲಿ ತೊಡಕು ಕಂಡರೆ ದಯವಿಟ್ಟು ನಾಳೆಯೊಳಗೆ ಹೇಳಿ.

ನನ್ನ ಈ ತಪ್ಪಿನಿಂದ ನಿಮ್ಮೆಲ್ಲರ ಕೆಲಸ ಹೆಚ್ಚಾಗಿದೆ. ಕ್ಷಮಿಸಿ. ಮುಂದಿನ ಸುದ್ದಿ ನಾಳೆ ಸಂಜೆ 5ಕ್ಕೆ."

ಕ್ಷಮೆ ಒಂದೇ ಸಲ, ಕೊನೆಯಲ್ಲಿ. ಐದು ಸಲ ಕೇಳಿದರೆ ಓದುವವರು ನಿಮ್ಮನ್ನು ಸಮಾಧಾನ ಮಾಡಲು ಕೂರಬೇಕಾಗುತ್ತದೆ, ಅವರಿಗೆ ಆ ದಿನ ಬೇರೆ ಕೆಲಸ ಇದೆ. "ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ" ಅಂತಲೂ ತಂಡದ ಮೇಲ್‌ನಲ್ಲಿ ಬರೆಯಬೇಡಿ. ಎಲ್ಲರ ಎದುರು ಹಾಗೆ ಬರೆದರೆ ಮಾಲೀಕರ ಕೈ ಕಟ್ಟಿದ ಹಾಗೆ. ಆ ಮಾತು ಇದ್ದರೆ ಅವರ ಹತ್ತಿರ ಒಬ್ಬರೇ ಹೋಗಿ ಆಡಿ.

ಹಂತ 7: ಉತ್ತರಗಳು ಬಂದ ಮೇಲೆ

ನನ್ನ ಮೇಲ್‌ಗೆ ಮೊದಲ ಉತ್ತರ ಗೋದಾಮಿನಿಂದ ಬಂತು: "ಡ್ರೈವರಾದ್ರೂ ನೆನಪು ಮಾಡಬೇಕಿತ್ತು." ನನ್ನ ಮೇಲಿನ ಪ್ರೀತಿಯಿಂದಲೇ ಬರೆದದ್ದು. ಆದರೂ ಎಲ್ಲರಿಗೂ ಕಾಣುವ ಹಾಗೆ ಉತ್ತರಿಸಿದೆ: "ಕಾಕಾ ಹೊರಡುವ ಮೊದಲು ಕೇಳಿದ್ದಾರೆ, ಹೂಂ ಅಂದದ್ದು ನಾನು." ಇಂಥ ಮಾತು ಬಂದಾಗ ಸುಮ್ಮನಿದ್ದರೆ ಒಪ್ಪಿಕೊಂಡ ತಪ್ಪು ಮೆಲ್ಲಗೆ ಇನ್ನೊಬ್ಬರ ಹೆಗಲಿಗೆ ಜಾರುತ್ತದೆ.

ಕೊನೆಯ ಲೆಕ್ಕವನ್ನು ಅದೇ ಮೇಲ್‌ಗೆ ಉತ್ತರವಾಗಿ ಹಾಕಿ, ಹೊಸ ಮೇಲ್ ತೆಗೆಯಬೇಡಿ. ನಾಲ್ಕು ದಿನ ಲಾರಿ ನಿಂತಿತು, 16,000. ದಂಡ 2,00,000. ಒಟ್ಟು 2,16,000. ಅಂದಾಜು ಹೇಳಿದ್ದು ಎಷ್ಟು, ಆದದ್ದು ಎಷ್ಟು ಅಂತ ಎರಡನ್ನೂ ಅಕ್ಕಪಕ್ಕ ಬರೆದೆ.

ಮೂರು ವಾರದ ನಂತರ ಇನ್ನೊಂದು ಲೋಡಿಗೆ ದಾರಿಯಲ್ಲಿ ವಾಹನ ಬದಲಾಯಿತು. ರಾತ್ರಿ 11:20ಕ್ಕೆ ನಂಬರ್ ಬಂತು, ನಾನು ಫೋನ್ ನೋಡಲಿಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನವರು 11:50ಕ್ಕೆ ಪಾರ್ಟ್ ಬಿ ಬದಲಿಸಿ ಚಿತ್ರ ಕಳಿಸಿದರು, ಡ್ರೈವರ್ 11:55ಕ್ಕೆ ಗಾಡಿ ಎತ್ತಿದರು. ಬೆಳಗ್ಗೆ ಆ ಮೂರು ಸಮಯವನ್ನೂ, ನಾನು ಫೋನ್ ನೋಡಿರಲಿಲ್ಲ ಅನ್ನುವುದನ್ನೂ ಅದೇ ಮೇಲ್‌ನ ಕೆಳಗೆ ಬರೆದು ಕಳಿಸಿದೆ.